ಉಚ್ಚೆಂಗಪ್ಪ ಜೋಡಿಸದ ಮೊಳೆಗಳು

ದಾವಣಗೆರೆಯ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಕರಿಬಸವರಾಜನ ಪ್ರೆಸ್ಸಿತ್ತು. ಕಾಲಲ್ಲಿ ತುಳಿಯುವ ಒಂದು ಟ್ರೆಡಲ್ ಯಂತ್ರ, ಅಚ್ಚುಮೊಳೆಯ ನಾಲ್ಕು ಪೆಟ್ಟಿಗೆ, ಒಬ್ಬ ಮಾಲೀಕ, ಒಬ್ಬ ಉಚ್ಚೆಂಗಪ್ಪ. ಇವುಗಳಲ್ಲಿ ಯಾವುದು ಕೆಟ್ಟರೂ ರಿಪೇರಿ ಮಾಡಿಸಬಹುದಿತ್ತು, ಉಚ್ಚೆಂಗಪ್ಪನನ್ನು ಬಿಟ್ಟು. ಆನಗೋಡಿನ ಕಡೆಯ ಒಕ್ಕಲು ಮನೆತನದವನು. ಇಪ್ಪತ್ತೆರಡು ವರ್ಷದಿಂದ ಅಚ್ಚಿನ ಮೊಳೆ ಜೋಡಿಸುತ್ತ ಬಂದಿದ್ದ. ಅಕ್ಷರಗಳನ್ನು ತಲೆಕೆಳಗಾಗಿ ಓದಿ ಓದಿ ಅವನಿಗೆ ಮನುಷ್ಯರ ಮಾತೂ ಹಾಗೆಯೇ ಕಾಣತೊಡಗಿತ್ತು ಎಂದು ನನ್ನ ಗುಮಾನಿ. ನಾವು ಹೇಳಿದ್ದರ ಬುಡವೇ ಅವನಿಗೆ ಮೊದಲು ಕಣ್ಣಿಗೆ ಬೀಳುತ್ತಿತ್ತು.

ಬೇರೆ ಪ್ರೆಸ್ಸುಗಳಲ್ಲಿ ಕರಡು ಓದುವುದೆಂದರೆ ಕಾಗುಣಿತ ನೋಡುವುದು. ಉಚ್ಚೆಂಗಪ್ಪನ ಕರಡು ಓದುವಿಕೆ ಕಾಲಿನಿಂದ ನಡೆಯುತ್ತಿತ್ತು. ಮದುವೆ ಪತ್ರಿಕೆಯಲ್ಲಿ ‘ವಿಶಾಲವಾದ ಚಪ್ಪರದಲ್ಲಿ’ ಎಂದಿದ್ದರೆ ಸಂಜೆ ಆ ಮನೆಯ ಮುಂದೆ ಸೈಕಲ್ ನಿಲ್ಲಿಸಿ ಅಂಗಳ ನೋಡಿಕೊಂಡು ಬರುತ್ತಿದ್ದ. ಮರುದಿನ ‘ವಿಶಾಲವಾದ’ ಎಂಬ ಮಾತು ಪೆಟ್ಟಿಗೆಗೆ ವಾಪಸು ಹೋಗಿರುತ್ತಿತ್ತು. ಒಂದು ನಾಟಕದ ಕಂಪನಿಯವರು ‘ನೂರಾ ಒಂದು ವಿದ್ಯುದ್ದೀಪಗಳ ರಂಗಮಂಟಪ’ ಎಂದು ಬರೆದುಕೊಟ್ಟಿದ್ದರು. ಇವನು ಹೋಗಿ ಎಣಿಸಿ, ‘ಮೂವತ್ತೆಂಟು’ ಎಂದು ಜೋಡಿಸಿಟ್ಟಿದ್ದ. ಕಂಪನಿಯ ಯಜಮಾನ ಇನ್ನೆರಡು ದೀಪ ಕಟ್ಟಿಸಿ ‘ನಲವತ್ತು’ ಮಾಡಿಸಿಕೊಂಡು ಹೋದ.

“ಇವೆಲ್ಲ ನಿನಗ್ಯಾಕೋ ಮಾರಾಯ?” ಎಂದು ನಾನು ಕೇಳಿದ್ದುಂಟು.

“ಮೇಷ್ಟ್ರೇ, ಕಾಗದದ ಕೆಳಗ ಪ್ರೆಸ್ಸಿನ ಹೆಸರು, ವಿಳಾಸ ಹಾಕ್ಲೇಬೇಕಂತ ಕಾನೂನೈತೆ. ಬರದೋರ ಹೆಸರು ಹಾಕ್ಬೇಕಂತ ಇಲ್ಲ. ಸುಳ್ಳು ಹೇಳ್ದೋರು ಮನ್ಯಾಗಿರ್ತಾರ, ಜನ ಹುಡಿಕ್ಕೊಂಡು ಇಲ್ಲಿಗೆ ಬರ್ತಾರ.”

ಬರೆದವರು ಎಂದಾಗ ಅವನು ನನ್ನ ಮುಖ ನೋಡಲಿಲ್ಲ. ಅದು ಅವನ ದೊಡ್ಡತನ. ಏಕೆಂದರೆ ಊರಿನಲ್ಲಿ ಅಂಥ ಮಾತುಗಳನ್ನು ಬರೆದುಕೊಡುತ್ತಿದ್ದವನು ಹೆಚ್ಚಾಗಿ ನಾನೇ. ಮಾಧ್ಯಮಿಕ ಶಾಲೆಯಲ್ಲಿ ಮೇಷ್ಟರಿಕೆ, ವಾರಪತ್ರಿಕೆಯೊಂದಕ್ಕೆ ಆಗಾಗ ನಗೆಬರಹ. ಓದಿದವರು ನಗದಿದ್ದರೂ ಸಂಪಾದಕರು ಅಚ್ಚು ಮಾಡುತ್ತಿದ್ದರಾದ್ದರಿಂದ ಊರಿನಲ್ಲಿ ನನಗೆ ಸಾಹಿತಿ ಎಂಬ ಹೆಸರು ಬಂದುಬಿಟ್ಟಿತ್ತು.

ಅರವತ್ತರ ದಶಕದ ನಡುವಿನ ಒಂದು ಮಾಘಮಾಸ. ಪುರಸಭೆಯ ಚುನಾವಣೆ ಹತ್ತಿರ ಬಂದು ಊರಿನ ಪ್ರೆಸ್ಸುಗಳೆಲ್ಲ ಹಗಲೂ ಬೈಗೂ ಭರವಸೆಗಳನ್ನು ಅಚ್ಚು ಹಾಕುತ್ತಿದ್ದವು. ಆಗ ನನ್ನ ಮನೆಗೆ ಅರಳೆ ವ್ಯಾಪಾರದ ವಾಮದೇವಪ್ಪ ಸಾಹುಕಾರರ ಕಾರು ಬಂತು. ಹರಿಹರದ ರಸ್ತೆಯಲ್ಲಿ ಅವರದೊಂದು ಏಳೆಕರೆ ಎರೆಹೊಲ. ಹರಿಹರದ ಕಾರ್ಖಾನೆಗಳಲ್ಲಿ ಕೆಲಸ ಸಿಕ್ಕವರು, ದಾವಣಗೆರೆಯ ಗಿರಣಿಗಳಲ್ಲಿ ಕೆಲಸ ಇದ್ದವರು, ಎಲ್ಲರಿಗೂ ಒಂದೊಂದು ಸೈಟು ಬೇಕು ಎಂಬುದು ಸಾಹುಕಾರರ ಗಮನಕ್ಕೆ ಬಂದಿತ್ತು. ಜೋಳ ವರ್ಷಕ್ಕೊಂದು ಸಲ ಬರುತ್ತದೆ, ಸೈಟು ಒಂದೇ ಸಲ ಹೋದರೂ ಜೋಳಕ್ಕಿಂತ ಚೆನ್ನಾಗಿ ಹೋಗುತ್ತದೆ.

“ಮೇಷ್ಟ್ರೇ, ವಾಮದೇವನಗರ ಅಂತ ಹೆಸರಿಟ್ಟೀನಿ. ಬರೋ ಭಾನುವಾರ ಪ್ರಾರಂಭೋತ್ಸವ. ಒಂದು ಕರಪತ್ರ ಬೇಕು. ಓದಿದೋನು ಹೆಂಡ್ತೀನೂ ಕೇಳ್ದೆ ಅಡ್ವಾನ್ಸ್ ಕೊಡಬೇಕು, ಅಂಥಾದ್ದು ಒಂದು ಸಾಲು ಬರೀರಿ.”

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿಕೊಟ್ಟರು. ಬಜ್ಜಿ ಬಿಸಿ ಇದ್ದಷ್ಟು ಹೊತ್ತು ನನ್ನ ಪ್ರತಿಭೆಯೂ ಬಿಸಿಯಾಗಿತ್ತು.

‘ಸ್ಟೇಷನ್ನಿನ ಕೂಗಳತೆಯಲ್ಲಿ ಭೂಸ್ವರ್ಗ! ಬಾಗಿಲಲ್ಲೇ ಹೊಳೆ, ಅಂಗಳದಲ್ಲೇ ದೀಪ! ಸರ್ಕಾರಿ ಮಂಜೂರಾತಿ ಪಡೆದ ವಾಮದೇವನಗರ! ಕೆಲವೇ ನಿವೇಶನಗಳು ಉಳಿದಿವೆ!’

ಮಾರಾಟವೇ ಶುರುವಾಗದಿದ್ದಾಗ ಕೆಲವೇ ಉಳಿಯುವುದು ಹೇಗೆ ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಆದರೆ ಇನ್ನೊಂದು ಬಜ್ಜಿ ಇತ್ತು. ಸಾಹುಕಾರರು ಕೊನೆಗೆ ತಮ್ಮ ಸ್ವಂತ ಕಲ್ಪನೆಯೊಂದನ್ನು ಸೇರಿಸಿದರು: ಮೇಲುಗಡೆ ಗಂಡಭೇರುಂಡದ ಚಿತ್ರ. “ಸರ್ಕಾರಿ ಕಾಗದದ ಮ್ಯಾಲೆ ಇರ್ತೈತಲ್ರಿ, ಹಂಗ ಇರ್ಲಿ. ನೋಡಿದ ಕೂಡ್ಲೆ ಜನಕ್ಕ ಧೈರ್ಯ ಬರ್ತೈತೆ.”

ಇಬ್ಬರೂ ಪ್ರೆಸ್ಸಿಗೆ ಹೋದೆವು. ಉಚ್ಚೆಂಗಪ್ಪ ಕಾಗದವನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮೂರನೆಯ ಸಲ ಓದಿದ.

“ಸಾವ್ಕಾರ್ರೇ, ಮಂಜೂರಾತಿ ನಂಬರ್ ಹೇಳ್ರಿ, ತಾರೀಖು ಹೇಳ್ರಿ. ಅದನ್ನೂ ಜೋಡಿಸ್ತೀನಿ.”

“ನಂಬರು ಬರ್ತೈತೆ. ಅರ್ಜಿ ಕೊಟ್ಟೀನಿ.”

“ಎಲ್ಲಿಗ್ರಿ?”

“ಚಿತ್ರದುರ್ಗಕ್ಕ, ಡಿ.ಸಿ. ಸಾಹೇಬ್ರಿಗೆ. ಹೊಲಾನ ಮನೆ ಕಟ್ಟೋ ಜಾಗ ಮಾಡಾಕ ಅವ್ರ ಅಪ್ಪಣೆ ಬೇಕಲ್ಲ. ತಾಲ್ಲೂಕ್ ಆಫೀಸ್‌ನಿಂದ ವರದಿ ಹೋಗಬೇಕಂತೆ. ಫೈಲು ನಮ್ಮ ತಹಶೀಲ್ದಾರ್ರ ಮೇಜಿನ ಮ್ಯಾಲೇ ಐತೆ. ಆಮ್ಯಾಲೆ ಸೈಟಿನ ನಕ್ಷೆ ಮಂಜೂರು. ಎಲ್ಲಾ ಆದಂಗೇ.”

“ಆದಂಗೇ ಬ್ಯಾರೆ, ಆಗಿದ್ದು ಬ್ಯಾರೆ ಅಲ್ಲೇನ್ರಿ?” ಉಚ್ಚೆಂಗಪ್ಪ ಗಂಡಭೇರುಂಡದ ಮೇಲೆ ಬೆರಳಿಟ್ಟ. “ಇದು ರಾಜ್ಯ ಸರ್ಕಾರದ ಲಾಂಛನ. ವ್ಯಾಪಾರದ ಕಾಗದಕ್ಕ ಹಾಕಂಗಿಲ್ರಿ. ಅದಕ್ಕ ದೆಹಲಿಯವರ ಕಾಯ್ದೆನೇ ಐತೆ. ಐನೂರು ರೂಪಾಯಿತನಕ ದಂಡ.”

“ನೀನು ವಕೀಲನೇನಲೇ?”

“ಅಲ್ರಿ. ವಕೀಲರ ಕಾಗದ ಜೋಡಿಸೋನು.”

ವಾಮದೇವಪ್ಪ ಮಾಲೀಕನ ಕಡೆ ತಿರುಗಿದರು. ಕರಿಬಸವರಾಜ ಒಳ್ಳೆಯವನು. ಒಳ್ಳೆಯವರೆಲ್ಲರಂತೆ ದೊಡ್ಡ ಗಿರಾಕಿಗೂ ಹೆದರುತ್ತಿದ್ದ, ಕಾನೂನಿಗೂ ಹೆದರುತ್ತಿದ್ದ. ಅರಳೆ ಅಂಗಡಿಯ ಬಿಲ್ಲುಬುಕ್ಕು, ಕ್ಯಾಲೆಂಡರು, ಮನೆಯ ಮದುವೆ ಪತ್ರಿಕೆ, ಎಲ್ಲ ಕೆಲಸ ಸಾಹುಕಾರರಿಂದಲೇ ಬರಬೇಕು. ಅವನು ಯಂತ್ರದ ಕಡೆ ನೋಡಿದ. ಆಮೇಲೆ ಅದಕ್ಕೆ ಎಣ್ಣೆ ಬಿಡತೊಡಗಿದ.

“ಬ್ಯಾರೆ ಪ್ರೆಸ್ಸಿಗೆ ಹೋಗ್ತೀನಿ,” ಎಂದರು ಸಾಹುಕಾರರು.

ಹೋದರು. ಅರ್ಧ ಗಂಟೆಯಲ್ಲಿ ವಾಪಸು ಬಂದರು. ಎಲ್ಲ ಕಡೆ ಚುನಾವಣೆಯ ಕೆಲಸ, ಹನ್ನೆರಡು ದಿನ ಪುರಸೊತ್ತಿಲ್ಲವಂತೆ. ನಾಳೆ ಸಂಜೆ ಕರಡು ತೋರಿಸುತ್ತೇವೆಂದು ಹೇಳಿ ಕರಿಬಸವರಾಜ ಅವರನ್ನು ಕಳಿಸಿದ.

ಅವರು ಇಲ್ಲದ ಆ ಅರ್ಧ ಗಂಟೆಯಲ್ಲಿ ನಾನು ಉಚ್ಚೆಂಗಪ್ಪನ ಪಕ್ಕದಲ್ಲಿದ್ದ ಇನ್ನೊಂದು ಕರಪತ್ರ ನೋಡಿದೆ. ಒಬ್ಬ ಅಭ್ಯರ್ಥಿ ಮನೆಮನೆಗೆ ನಲ್ಲಿ, ಓಣಿಓಣಿಗೆ ದೀಪ ಎಂದು ಬರೆದಿದ್ದ.

“ಇದನ್ನ ಹೆಂಗೆ ಜೋಡಿಸಿದೆಯಪ್ಪ?”

“ಅವ್ರು ‘ಮಾಡ್ತೀವಿ’ ಅಂತಾರ್ರಿ. ನೀವು ‘ಐತೆ’ ಅಂತ ಬರದೀರಿ.”

ಪಾಠ ಹೇಳುವ ಕಸುಬಿನವನಿಗೆ ಇಷ್ಟು ಚಿಕ್ಕ ಪಾಠ ಯಾರೂ ಹೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವನ ಸೈಕಲ್ಲಿನ ಹಿಂದೆ ಕುಳಿತು ವಾಮದೇವನಗರಕ್ಕೆ ಹೊರಟೆ. ಬರೆದವರೂ ಬರಬೇಕೆಂದು ಅವನ ಹಟ. ಸ್ಟೇಷನ್ನಿನ ಮುಂದೆ ನನ್ನನ್ನು ಇಳಿಸಿ, ತಾನೂ ಇಳಿದು, ಅಲ್ಲಿಂದ ಸೈಕಲ್ ತಳ್ಳಿಕೊಂಡು ನಡೆಸಿದ. ಐವತ್ತೈದು ನಿಮಿಷವಾಯಿತು. ಇದರಲ್ಲಿ ಐದು ನಿಮಿಷ ನನ್ನ ಏದುಸಿರಿನ ಬಾಬ್ತು ಎಂದು ಕಳೆದು ಐವತ್ತು ಬರೆದುಕೊಂಡ. ಹೊಲದಲ್ಲಿ ಹಿಂಗಾರಿ ಜೋಳ ಎದೆಮಟ್ಟ ನಿಂತಿತ್ತು. ನನ್ನ ‘ಹೊಳೆ’ ಎಂಬುದು ಭದ್ರಾ ಕಾಲುವೆಯ ಒಂದು ಕವಲು. ನೀರು ಬಿಡದ ದಿನವಾದ್ದರಿಂದ ಅದರ ತಳದಲ್ಲಿ ಎರಡು ಕತ್ತೆ ಮಲಗಿದ್ದವು. ‘ದೀಪ’ ನಾಲ್ಕು ಫರ್ಲಾಂಗು ಆಚೆಯ ಕಂಬದಲ್ಲಿತ್ತು. ಬದುವಿನ ಪಕ್ಕದ ಬಾವಿಯ ನೀರನ್ನು ಮಾತ್ರ ಅವನು ಕುಡಿದು ನೋಡಿ ಗುರುತು ಹಾಕಿಕೊಂಡ.

“ಈಗ ಕೂಗ್ರಿ ಮೇಷ್ಟ್ರೇ.”

“ಏನು?”

“ಕೂಗಳತೆ ಅಂತ ಬರದೀರಲ್ಲ. ಸ್ಟೇಷನ್ನಿಗೆ ಕೇಳಬೇಕು. ಕೂಗ್ರಿ.”

ನಲವತ್ತು ಹುಡುಗರ ತರಗತಿಯನ್ನು ಹದಿನೆಂಟು ವರ್ಷದಿಂದ ಹದ್ದುಬಸ್ತಿನಲ್ಲಿಟ್ಟ ಗಂಟಲು ಇದು ಎಂಬ ಅಭಿಮಾನದಿಂದ ಕೂಗಿದೆ. ಬದುವಿನಲ್ಲಿ ಮೇಯುತ್ತಿದ್ದ ಒಂದು ಎಮ್ಮೆ ತಲೆ ಎತ್ತಿತು. ಅದರ ಹಿಂದಿನಿಂದ ಅಂಜಿನವ್ವ ಎಂಬ ಹೆಂಗಸು ಎದ್ದು ಬಂದಳು.

“ಯಾಕಪ್ಪಾ ಎಮ್ಮಿ ಬೆದರಸ್ತೀ? ಈಗಷ್ಟೇ ಈದೈತೆ. ಏನು ಕಳಕೊಂಡೀ?”

“ಏನಿಲ್ಲವ್ವ. ಸ್ಟೇಷನ್ ಹತ್ರ ಐತೇನು ಅಂತ ನೋಡ್ತಿದ್ವಿ,” ಎಂದ ಉಚ್ಚೆಂಗಪ್ಪ.

“ನೋಡಾಕ ಕಣ್ಣು ಬೇಕಪ್ಪ, ಬಾಯಿ ಯಾಕ?” ಎಂದು ಅವಳು ಎಮ್ಮೆಯನ್ನು ಸಮಾಧಾನ ಮಾಡುತ್ತ ಹೋದಳು. ನನ್ನ ಸಾಹಿತ್ಯದ ಬಗ್ಗೆ ಬಂದ ವಿಮರ್ಶೆಗಳಲ್ಲಿ ಇದಕ್ಕಿಂತ ಸಂಕ್ಷಿಪ್ತವಾದದ್ದು ಇನ್ನೊಂದಿಲ್ಲ.

ಸಂಜೆ ಕರಡು ಸಿದ್ಧವಾಗಿತ್ತು. ತಲೆಬರಹ ನನ್ನದಲ್ಲ, ಅವನದು:

‘ಮೊದಲು ಜಾಗ ನೋಡಿ, ಕಾಗದ ಕೇಳಿ, ಆಮೇಲೆ ಯೋಚಿಸಿ. ವಾಮದೇವನಗರ, ಹರಿಹರ ರಸ್ತೆ. ಇದು ಈಗ ಹೊಲ. ಮನೆ ನಿವೇಶನಕ್ಕಾಗಿ ಡೆಪ್ಯುಟಿ ಕಮಿಷನರ್ ಅವರ ಅಪ್ಪಣೆ ಕೇಳಿದೆ, ಇನ್ನೂ ಬಂದಿಲ್ಲ. ಅಪ್ಪಣೆ ಬಂದು ನಕ್ಷೆ ಮಂಜೂರಾಗುವವರೆಗೆ ಯಾರಿಂದಲೂ ಮುಂಗಡ ತೆಗೆದುಕೊಳ್ಳುವುದಿಲ್ಲ. ಸ್ಟೇಷನ್ನಿನಿಂದ ನಡಿಗೆಯಲ್ಲಿ ಐವತ್ತು ನಿಮಿಷ. ಸಿಹಿನೀರಿನ ಬಾವಿ ಒಂದಿದೆ. ನಲ್ಲಿ, ವಿದ್ಯುತ್ತು ಇಲ್ಲ. ಆಸಕ್ತರು ಭಾನುವಾರ ಬಂದು ಹೆಸರು ಬರೆಸಬಹುದು.’

ವಾಮದೇವಪ್ಪ ಓದಿದರು. ಅವರ ಮುಖ ಹಿಂಜಿದ ಅರಳೆಯಂತೆ ಬೆಳ್ಳಗಾಯಿತು.

“ಇದು ಜಾಹೀರಾತೋ, ಪೊಲೀಸ್ ಪಂಚನಾಮೆಯೋ? ಐವತ್ತು ನಿಮಿಷ ಅಂತ! ನಾನು ಐದೇ ನಿಮಿಷದಾಗ ಬಂದೀನಿ!”

“ಕಾರಿನ್ಯಾಗ ಬಂದೀರಿ. ಕಾರಿದ್ದೋರು ನಿಮ್ಮತ್ರ ಮೂವತ್ತು ನಲವತ್ತು ಅಡಿ ಸೈಟು ಕೇಳಾಕ ಬರ್ತಾರೇನ್ರಿ?”

“ಹೋಗ್ಲಿ, ‘ಅಪ್ಪಣೆ ಬಂದಿಲ್ಲ’ ಅಂಬೋದನ್ನ ಕೆಳಗ, ಇರುವೆ ಗಾತ್ರದ ಮೊಳೆನಾಗ ಹಾಕು.”

“ನಿಮ್ಮ ನಗರದ ಹೆಸರು ಯಾವ ಮೊಳೆನಾಗೈತೋ ಅದೂ ಅದ್ರಾಗೇ ಇರ್ಲಿ ಬಿಡ್ರಿ. ಓದೋ ಕಣ್ಣು ಒಂದೇ ಐತಲ್ಲ.”

ಸಾಹುಕಾರರು ಕರಿಬಸವರಾಜನನ್ನು ಬಾಗಿಲ ಬಳಿಗೆ ಕರೆದು ಎಲ್ಲರಿಗೂ ಕೇಳುವಷ್ಟು ಗುಟ್ಟಾಗಿ ಹೇಳಿದರು: “ಬ್ಯಾರೆ ದಾರಿ ಇಲ್ಲ, ಇದನ್ನೇ ಹೊಡಿ. ಆದ್ರ ಸೋಮವಾರ ಇವನು ನಿನ್ನ ಪ್ರೆಸ್ಸಿನಾಗ ಇದ್ರ, ನನ್ನ ಒಂದು ಬಿಲ್ಲುಬುಕ್ಕೂ ಇಲ್ಲಿಗೆ ಬರಾಂಗಿಲ್ಲ. ತಿಳೀತಾ?”

ಕರಿಬಸವರಾಜ ತಲೆಯನ್ನು ಹೌದು ಎಂದೂ ಅಲ್ಲ ಎಂದೂ ಅಲ್ಲಾಡಿಸಿದ. ಅವರು ಹೋದ ಮೇಲೆ ಉಚ್ಚೆಂಗಪ್ಪನ ಹತ್ತಿರ ಬಂದು, “ಏನೋ ಮಾಡ್ಲಿ ನಾನು?” ಎಂದ.

“ಏನು ಮಾಡ್ತೀರಿ ಮಾಲಕ್ರೇ? ಸೋಮವಾರ ಇನ್ನೂ ನಾಕು ದಿನ ಐತೆ,” ಎಂದು ಅವನು ಮೊಳೆಗೆ ಮಸಿ ಸವರಿದ. ಅವನಿಗೆ ನಲವತ್ತೆಂಟು ವಯಸ್ಸು, ಮನೆಯಲ್ಲಿ ಹೆಂಡತಿ ಉಡಚಮ್ಮ, ಓದುವ ಇಬ್ಬರು ಮಕ್ಕಳು. ಊರಿನ ಯಾವ ಪ್ರೆಸ್ಸೂ ಸ್ವಂತ ಅಭಿಪ್ರಾಯವಿರುವ ಕಂಪೋಜಿಟರನ್ನು ಕರೆದು ಕೆಲಸ ಕೊಡುವಷ್ಟು ಉದಾರವಾಗಿರಲಿಲ್ಲ.

ಈ ನಡುವೆ ಸಾಹುಕಾರರು ಸುಮ್ಮನಿರಲಿಲ್ಲ. “ಕಾಗದ ಯಾರು ಓದ್ತಾರ್ರಿ ಮೇಷ್ಟ್ರೇ? ಜನ ಬಟ್ಟೆ ಓದ್ತಾರ,” ಎಂದು ನನ್ನ ಹಳೆಯ ಸಾಲುಗಳನ್ನು ಇಸಕೊಂಡು ಹರಿಹರಕ್ಕೆ ಕಾರು ಬಿಟ್ಟರು. ಅಲ್ಲಿನ ಒಬ್ಬ ಪೇಂಟರು ಇಪ್ಪತ್ತಡಿ ಬಟ್ಟೆಯ ಮೇಲೆ ಕೆಂಪಕ್ಷರದಲ್ಲಿ ಎಲ್ಲವನ್ನೂ ಬರೆದ. ಬಟ್ಟೆಯ ಮೇಲೆ ಬರೆದವರ ವಿಳಾಸ ಹಾಕುವ ಗೋಜಿರಲಿಲ್ಲ. ನಾನು ಸಾಲು ಕೊಟ್ಟೆನೇ ಎಂದು ಕೇಳಬೇಡಿ. ಕೊಟ್ಟೆ. ನನ್ನ ಬರವಣಿಗೆ ಇಪ್ಪತ್ತಡಿ ಉದ್ದವಾಗುವ ಅವಕಾಶ ಅದೊಂದೇ ಸಲ ಬಂದದ್ದು.

ಭಾನುವಾರ ಹೊಲದ ಒಂದು ಮೂಲೆಯ ಜೋಳ ಕೊಯ್ಯಿಸಿ ಪೆಂಡಾಲು ಹಾಕಿದ್ದರು. ಮುಂದೆ ಆ ಬ್ಯಾನರು. ಗಂಡಭೇರುಂಡ ಸ್ವಲ್ಪ ಕೋಳಿಯ ಹಾಗೆ ಕಾಣುತ್ತಿತ್ತಾದರೂ ಎರಡು ತಲೆ ಇದ್ದುದರಿಂದ ಗುರುತು ಹತ್ತುತ್ತಿತ್ತು. ಹರಿಹರದಿಂದ ಒಂದು ಲಾರಿ ಜನ ಬಂದಿದ್ದರು. ಗೋಧಿ ಪಾಯಸ ಕುದಿಯುತ್ತಿತ್ತು. ಕರಿಬಸವರಾಜ, ಉಚ್ಚೆಂಗಪ್ಪ ಬಂದವರಿಗೆ ಕರಪತ್ರ ಹಂಚುತ್ತ ಒಂದು ಪಕ್ಕದಲ್ಲಿ ನಿಂತಿದ್ದರು. ಬ್ಯಾನರು ಓದಿ ಉಚ್ಚೆಂಗಪ್ಪ ನನ್ನ ಕಡೆ ನೋಡಿದ. ನಾನು ಪಾಯಸದ ಕಡೆ ನೋಡಿದೆ.

ಉದ್ಘಾಟನೆಗೆ ಯಾರನ್ನು ಕರೆದಿದ್ದರು ಎನ್ನುತ್ತೀರಿ? ತಹಶೀಲ್ದಾರರನ್ನು. ದೊಡ್ಡವರು ಬಂದರೆ ಫೈಲೂ ಬೇಗ ಏಳುತ್ತದೆ, ಜನರಿಗೂ ನಂಬಿಕೆ ಬರುತ್ತದೆ ಎಂದು ಸಾಹುಕಾರರ ಲೆಕ್ಕ. ಯಾರ ಮೇಜಿನ ಮೇಲೆ ಅಪ್ಪಣೆಯಿಲ್ಲದ ಫೈಲು ಮಲಗಿದೆಯೋ ಅವರನ್ನೇ ಕರೆದು, ‘ಅಪ್ಪಣೆ ಆಗಿದೆ’ ಎಂಬ ಬಟ್ಟೆಯ ಕೆಳಗೆ ಹಾರ ಹಾಕುವ ಏರ್ಪಾಡನ್ನು ನಾನು ಬೇರೆಲ್ಲೂ ಕಂಡಿಲ್ಲ.

ಜೀಪು ನಿಂತಿತು. ತಹಶೀಲ್ದಾರರು ಇಳಿದು, ಹಾರಕ್ಕೆ ಕೊರಳು ಒಡ್ಡುವ ಮೊದಲೇ ತಲೆ ಎತ್ತಿ ಓದಿದರು. ಸಾವಕಾಶವಾಗಿ ಓದಿದರು.

“ಸಾಹುಕಾರ್ರೇ, ಸರ್ಕಾರಿ ಮಂಜೂರಾತಿ ಪಡೆದ ಅಂತಿದೆ. ನನಗೆ ಗೊತ್ತಾಗದ ಹಾಗೆ ಯಾವಾಗ ಪಡೆದಿರಿ?”

ಸಾಹುಕಾರರು ಹಾರವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಅಷ್ಟರಲ್ಲಿ ಲಾರಿಯಲ್ಲಿ ಬಂದವರ ಪೈಕಿ ಹರಿಹರದಲ್ಲಿ ಬಟ್ಟೆ ಹೊಲಿಯುವ ಸುಗ್ರಾಬಿ ಎಂಬ ಹೆಂಗಸು ಮುಂದೆ ಬಂದಳು. ಕೈಯಲ್ಲಿ ಕರಪತ್ರ.

“ಸಾಬ್, ಈ ಕಾಗದದಾಗ ಅಪ್ಪಣೆ ಬಂದಿಲ್ಲ ಅಂತ ಐತೆ. ಬಟ್ಟೆ ಮ್ಯಾಲೆ ಬಂದೈತೆ ಅಂತ ಐತೆ. ಕಾಗದದಾಗ ಐವತ್ತು ನಿಮಿಷ, ಬಟ್ಟೆನಾಗ ಕೂಗಳತೆ. ನಾವು ಯಾವ ವಾಮದೇವನಗರಕ್ಕ ಬಂದೀವಿ, ಇದಕ್ಕೋ ಅದಕ್ಕೋ?”

ಯಾರೋ ನಕ್ಕರು. ತಹಶೀಲ್ದಾರರು ಕರಪತ್ರ ತೆಗೆದುಕೊಂಡು ಅದನ್ನೂ ಓದಿದರು. ಕೊನೆಯ ಸಾಲಿನ ತನಕ, ಪ್ರೆಸ್ಸಿನ ವಿಳಾಸದ ತನಕ.

“ಇವೆರಡರಲ್ಲಿ ನಿಮ್ಮದು ಯಾವುದು? ಬ್ಯಾನರು ನಿಮ್ಮದಾದರೆ ಮೇಲಿನ ಲಾಂಛನವನ್ನೂ ಸೇರಿಸಿ ಇವತ್ತೇ ಚಿತ್ರದುರ್ಗಕ್ಕೆ ಬರೀತೀನಿ. ನಿಮ್ಮ ಅರ್ಜಿಯ ಗತಿ ಏನಾಗುತ್ತೋ ಆಗಲಿ. ಕಾಗದ ನಿಮ್ಮದಾದರೆ ಕೂತು ಪಾಯಸ ತಿಂತೀನಿ.”

ವಾಮದೇವಪ್ಪನವರು ವ್ಯಾಪಾರಸ್ಥರು. ನಷ್ಟ ಎಲ್ಲಿ ಕಡಿಮೆ ಎಂಬುದನ್ನು ಕಣ್ಣು ಮಿಟುಕಿಸುವುದರೊಳಗೆ ಕಂಡುಕೊಳ್ಳಬಲ್ಲವರು.

“ಕಾಗದ, ಕಾಗದ ನಂದು ಸ್ವಾಮಿ! ಒಂದೊಂದು ಅಕ್ಷರಾನೂ ನಂದೇ. ಮುಂದೆ ನಿಂತು ಬರೆಸೀನಿ. ಬೇಕಾದ್ರ ಪ್ರೆಸ್ಸಿನೋರು ಇಲ್ಲೇ ಅದಾರ, ಕೇಳ್ರಿ. ಈ ಬಟ್ಟೆ ಹರಿಹರದ ಪೇಂಟರ್ ಏನೋ ತಿಳೀದೆ... ಇಳಿಸ್ರೋ ಅದನ್ನ!”

“ಪೇಂಟರಿಗೆ ಇಷ್ಟು ಸಾಹಿತ್ಯ ಬರುತ್ತಾ?” ಎಂದು ತಹಶೀಲ್ದಾರರು ಸುತ್ತ ನೋಡಿದರು. ನಾನು ಪಾಯಸದ ಕೊಪ್ಪರಿಗೆಯ ಹಿಂದೆ ಸೌಟು ಹಿಡಿದು ಬಹಳ ಮಗ್ನನಾಗಿದ್ದೆ. ಅಡಿಗೆಯವನು ನನ್ನನ್ನು ತನ್ನ ಸಹಾಯಕನೆಂದೇ ತಿಳಿದು ಗೋಡಂಬಿ ಹಾಕಲು ಹೇಳಿದ.

ಬ್ಯಾನರು ಇಳಿಯಿತು. ಕರಪತ್ರ ಉಳಿಯಿತು. ಉಳಿದದ್ದರಿಂದ ಅದರಲ್ಲಿ ಹೇಳಿದಂತೆಯೇ ನಡೆಯಬೇಕಾಯಿತು. ಮುಂಗಡ ಕೊಡಲು ಬಂದ ಇಬ್ಬರನ್ನು ತಹಶೀಲ್ದಾರರ ಎದುರೇ ಸಾಹುಕಾರರು ಕೈಮುಗಿದು ವಾಪಸು ಕಳಿಸಿದರು. ಕೈಮುಗಿದ ಆ ಕೈ ಎಷ್ಟು ನೊಂದಿತೋ ದೇವರಿಗೇ ಗೊತ್ತು. ಹೆಸರು ಬರೆಸಿದವರು ಹನ್ನೊಂದು ಜನ. ಸುಗ್ರಾಬಿ ಬಾವಿಯ ನೀರು ಸೇದಿ ಕುಡಿದು ನೋಡಿ, ಸಿಹಿಯೆಂದು ಒಪ್ಪಿಕೊಂಡ ಮೇಲೆ ತನ್ನ ಹೆಸರು ಹೇಳಿದಳು.

ಸೋಮವಾರ ಬೆಳಿಗ್ಗೆ ನಾನು ಪ್ರೆಸ್ಸಿನಲ್ಲಿದ್ದೆ. ಕೆಲಸವಿರಲಿಲ್ಲ, ಒಬ್ಬ ಮನುಷ್ಯನ ಕೆಲಸ ಹೋಗುವುದರಲ್ಲಿ ನನ್ನ ಸಾಲುಗಳ ಪಾಲೆಷ್ಟು ಎಂದು ನೋಡಲು ಹೋಗಿದ್ದೆ. ಉಚ್ಚೆಂಗಪ್ಪ ಎಂದಿನಂತೆ ಎಂಟು ಗಂಟೆಗೇ ಬಂದಿದ್ದ. ಮೊಳೆ ಜೋಡಿಸುವ ತನ್ನ ಸ್ಟಿಕ್ಕು, ಚಿಮಟ, ಕನ್ನಡಕದ ಡಬ್ಬಿ ಒಂದು ಚೀಲದಲ್ಲಿ ಹಾಕಿ ಗೂಟಕ್ಕೆ ನೇತುಹಾಕಿದ್ದ. ಹೋಗೆಂದರೆ ಹುಡುಕಾಡುವ ಅಗತ್ಯ ಬೀಳಬಾರದಲ್ಲ. ಕರಿಬಸವರಾಜ ಆ ಚೀಲದ ಕಡೆ ನೋಡದಂತೆ ಕುರ್ಚಿ ತಿರುಗಿಸಿಕೊಂಡು ಕುಳಿತಿದ್ದ.

ಕಾರು ಬಂತು. ಸಾಹುಕಾರರು ಕುಳಿತರು.

ಕರಿಬಸವರಾಜ ಕುರ್ಚಿಯನ್ನು ಅವರ ಕಡೆ ತಿರುಗಿಸಿಕೊಂಡ. ಜೀವಮಾನದಲ್ಲಿ ಅವನು ದೊಡ್ಡ ಗಿರಾಕಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಅದನ್ನೂ ಅವನು ಪ್ರಶ್ನೆಯ ರೂಪದಲ್ಲೇ ಆಡಿದ.

“ಸಾವ್ಕಾರ್ರೇ, ನಿನ್ನೆ ತಹಶೀಲ್ದಾರ್ರ ಮುಂದ, ಅಷ್ಟು ಮಂದಿ ಮುಂದ, ಒಂದೊಂದು ಅಕ್ಷರಾನೂ ನಂದೇ ಅಂದ್ರಿ. ಈಗ ನಿಮ್ಮ ಮಾತನ್ನ ಜೋಡಿಸಿದ್ದಕ್ಕ ಇವನನ್ನ ತೆಗದು ಹಾಕಿದ್ರ, ಯಾಕಂತ ಕೇಳಿದೋರಿಗೆ ನಾನೇನು ಹೇಳ್ಲಿ? ನೀವೇ ಒಂದು ಕಾರಣ ಬರಕೊಡ್ರಿ, ಅಚ್ಚು ಹಾಕ್ಸಿ ಹಂಚ್ತೀನಿ.”

ವಾಮದೇವಪ್ಪ ಉಚ್ಚೆಂಗಪ್ಪನನ್ನು ನೋಡಿದರು, ಗೂಟದ ಚೀಲ ನೋಡಿದರು, ಕೊನೆಗೆ ನನ್ನನ್ನು ನೋಡಿದರು. ನಾನೇನು ಸಹಾಯ ಮಾಡಬಲ್ಲೆ? ನನ್ನ ಸಹಾಯದಿಂದಲೇ ಅವರು ಅಲ್ಲಿಗೆ ಬಂದು ಮುಟ್ಟಿದ್ದರು.

“ತೆಗೀ ಅಂತ ಯಾರು ಅಂದ್ರು?” ಎಂದರು ಸಾಹುಕಾರರು. “ಸಿಟ್ಟಿನಾಗ ಏನೋ ಅಂದಿರ್ತೀನಿ. ಅದಿರ್ಲಿ. ಊರೆಲ್ಲಾ ನನ್ನ ಪ್ರಾಮಾಣಿಕ ಅಂತೈತೆ. ಬಿಸಿ ಇದ್ದಾಗ ಇನ್ನೊಂದು ಕರಪತ್ರ ಹೊಡೀಬೇಕು.” ಜೇಬಿನಿಂದ ಚೀಟಿ ತೆಗೆದರು. ಅಕ್ಷರ ಅವರದೇ, ನನ್ನ ಮೇಲೆ ಆ ವೇಳೆಗೆ ನಂಬಿಕೆ ಹೋಗಿತ್ತು. ‘ಜಿಲ್ಲೆಯಲ್ಲೇ ಸುಳ್ಳು ಹೇಳದ ಏಕೈಕ ಲೇಔಟ್!’

ಉಚ್ಚೆಂಗಪ್ಪ ಓದಿದ. ಕನ್ನಡಕ ತೆಗೆದ. ಕರಿಬಸವರಾಜ ಕಣ್ಣು ಮುಚ್ಚಿಕೊಂಡ.

“ಏಕೈಕ ಅಂಬೋದು ಬ್ಯಾಡ್ರಿ.”

“ಯಾಕೋ? ಇದರಾಗೇನು ಸುಳ್ಳೈತೆ?”

“ಮಿಕ್ಕಿದೋರ ವಿಷಯ ನಮಗೇನು ಗೊತ್ರಿ? ಹನ್ನೊಂದು ಜನ ಹೆಸರು ಬರೆಸಿದ್ರು ಅಂತ ಹಾಕ್ತೀನಿ. ಅದು ನಾನು ಕಣ್ಣಾರೆ ಕಂಡೀನಿ.”

“ಹನ್ನೊಂದಾ? ಏಳೆಕರೆಗೆ ಹನ್ನೊಂದು ಅಂತ ಹಾಕಿದ್ರ ನನ್ನ ಮಾನ ಉಳೀತೈತೇನಲೇ?”

“ಹಂಗಾರ ಅಪ್ಪಣೆ ಬರೋತನಕ ಏನೂ ಹಾಕ್ಸಬ್ಯಾಡ್ರಿ ಸಾವ್ಕಾರ್ರೇ. ಕಾಗದದ ಖರ್ಚೂ ಉಳೀತೈತೆ.”

ಸಾಹುಕಾರರು ಚೀಟಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. ಎದ್ದವರು ಬಾಗಿಲಲ್ಲಿ ನಿಂತು, “ಅಂಗಡಿಯ ಬಿಲ್ಲುಬುಕ್ಕು ಮುಗದಾವ. ಹತ್ತು ಹೊಡದಿಡು. ಅದಕ್ಕೇನು ತಕರಾರಿಲ್ಲಲ್ಲ?” ಎಂದು ಕೇಳಿದರು. ಕೇಳಿದ್ದು ಮಾಲೀಕನನ್ನಲ್ಲ.

“ಇಲ್ರಿ,” ಎಂದ ಉಚ್ಚೆಂಗಪ್ಪ. ಗೂಟದಿಂದ ಚೀಲ ಇಳಿಸಿ ಸ್ಟಿಕ್ಕು ಹೊರಗೆ ತೆಗೆದ.